ವ್ಯಾಕರಣ ವ್ಯಾಸಂಗಕ್ಕಾಗಿ ಚಿ. ನಾಗೇಂದ್ರನ ಪರವಾಗಿ ಶಿಫಾರಸು ಪತ್ರ

ಇಂದ:
ಪ್ರಧಾನ ಅರ್ಚಕರು,
ಶ್ರೀ ಲಕ್ಷ್ಮೀನಾರಾಯಣಸ್ವಾಮಿ ದೇವಸ್ಥಾನ,
ಅರಕಲಗೂಡು ತಾಲೂಕು, ಹಾಸನ ಜಿಲ್ಲೆ

ದಿನಾಂಕ: 2 ಜೂನ್ 2025

ಅವರಿಗೆ:
ಪ್ರಾಂಶುಪಾಲರು,
ಸಂಸ್ಕೃತ ಮಹಾಪಾಠಶಾಲೆ, ಮೈಸೂರು

ವಿಷಯ: ವಿದ್ವತ್ ತರಗತಿಯ ವ್ಯಾಕರಣ ವಿಭಾಗಕ್ಕೆ ಅರ್ಜಿ ಸಲ್ಲಿಸಿರುವ ಚಿ. ನಾಗೇಂದ್ರನ ಬಗ್ಗೆ

ಪೂಜ್ಯರೇ,

ಸಾದರ ಪ್ರಣಾಮಗಳು. ನಮ್ಮ ದೇವಸ್ಥಾನದ ಸಂಜೆಯ ಪಾಠದಲ್ಲಿ ಆರು ವರ್ಷ ಓದಿದ, ಈಗ ಹತ್ತೊಂಬತ್ತು ವರ್ಷ ವಯಸ್ಸಿನ ಚಿ. ನಾಗೇಂದ್ರನು ತಮ್ಮಲ್ಲಿ ವ್ಯಾಕರಣವನ್ನು ಮುಖ್ಯ ಶಾಸ್ತ್ರವಾಗಿ ಓದಬೇಕೆಂದು ಅರ್ಜಿ ಹಾಕಿದ್ದಾನೆ. ಅವನಿಗೆ ಪ್ರವೇಶವನ್ನು ದಯಪಾಲಿಸಬೇಕೆಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಮೊದಲಿಗೇ ನನ್ನ ಮಿತಿಯನ್ನು ಹೇಳಿಬಿಡುವುದು ಸರಿ. ನಾನು ಪಾಂಚರಾತ್ರ ಆಗಮದಲ್ಲಿ ಪ್ರವೀಣ ಪರೀಕ್ಷೆಯವರೆಗೆ ಓದಿದವನೇ ಹೊರತು ವ್ಯಾಕರಣದ ವಿದ್ವಾಂಸನಲ್ಲ. ಸಾಹಿತ್ಯ ಪರೀಕ್ಷೆಯ ಮಟ್ಟದವರೆಗೆ ಮಕ್ಕಳಿಗೆ ಪಾಠ ಹೇಳಬಲ್ಲೆ, ಅದರಿಂದಾಚೆಗೆ ಹೇಳಲಾರೆ. ಆದ್ದರಿಂದ ಈ ಹುಡುಗನ ಶಾಸ್ತ್ರಜ್ಞಾನವನ್ನು ಅಳೆದುಕೊಡುವ ಯೋಗ್ಯತೆ ನನಗಿಲ್ಲ. ಆದರೆ ಅವನು ಹೇಗೆ ಕಲಿಯುತ್ತಾನೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಅಷ್ಟನ್ನು ಮಾತ್ರ ಇಲ್ಲಿ ತಿಳಿಸುತ್ತೇನೆ.

ನಾಗೇಂದ್ರನ ತಂದೆ ನಮ್ಮ ದೇವಸ್ಥಾನಕ್ಕೆ ಹೂವು ಕಟ್ಟಿಕೊಡುವವರು. ಹತ್ತು ವರ್ಷದ ಹುಡುಗನಾಗಿದ್ದಾಗ ಅವನು ಬೆಳಗಿನ ಅಭಿಷೇಕದ ಹೊತ್ತಿಗೆ ಹೂವಿನ ಬುಟ್ಟಿ ತಂದಿಟ್ಟು, ಮನೆಗೆ ಹೋಗದೆ ನವರಂಗದ ಕಂಬಕ್ಕೆ ಒರಗಿ ನಿಂತು ಪುರುಷಸೂಕ್ತವನ್ನು ಕೇಳುತ್ತಿದ್ದ. ಪ್ರಸಾದಕ್ಕಾಗಿ ನಿಂತಿದ್ದಾನೆಂದು ನಾನು ಬಹಳ ದಿನ ತಿಳಿದಿದ್ದೆ. ಒಂದು ದಿನ ಪ್ರಸಾದ ಕೊಟ್ಟ ಮೇಲೆಯೂ ಹೋಗದೆ, "ಸ್ವಾಮಿ, ದಿನಾ ಹೇಳುವಾಗ ಒಂದು ಕಡೆ ನಿಲ್ಲಿಸಿ ಉಸಿರು ತಗೋತೀರಿ, ಅದು ನಿಮಗೆ ಸುಸ್ತಾಗಿಯೋ ಅಥವಾ ಅಲ್ಲಿ ನಿಲ್ಲಿಸಲೇಬೇಕೋ?" ಎಂದು ಕೇಳಿದ. ಅದು ಋಕ್ಕು ಮುಗಿಯುವ ಜಾಗವೆಂದು ಹೇಳಿದೆ. ಮರುದಿನದಿಂದ ಅವನು ಬೆರಳು ಮಡಿಸುತ್ತ ನಿಲ್ಲುತ್ತಿದ್ದ. ಎಣಿಸುತ್ತಿದ್ದಾನೆಂದು ಆಮೇಲೆ ತಿಳಿಯಿತು. ಮೂರು ವರ್ಷಗಳ ನಂತರ ಅವನ ತಂದೆಯೇ ಬಂದು ಪಾಠಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದರು.

ಪಾಠದ ಆರಂಭ ಸುಲಭವಾಗಿರಲಿಲ್ಲ. ಅವನ ಮನೆಯ ಮಾತಿನಲ್ಲಿ ಹಕಾರವಿಲ್ಲ, ಮಹಾಪ್ರಾಣಗಳಂತೂ ಇಲ್ಲವೇ ಇಲ್ಲ. 'ಹರಿ' ಎಂಬುದು ಅವನ ಬಾಯಲ್ಲಿ 'ಅರಿ'ಯಾಗುತ್ತಿತ್ತು. ಅರಿ ಎಂದರೆ ಶತ್ರುವೆಂದು ಅಮರಕೋಶದಲ್ಲಿ ತಾನೇ ಓದಿದ ದಿನ ಅವನು ಎಷ್ಟು ನಾಚಿಕೊಂಡನೆಂದರೆ, ಒಂದು ವಾರ ಬಾಯಿಯೇ ತೆರೆಯಲಿಲ್ಲ. ಆಮೇಲೆ ಸುಮಾರು ಒಂದು ವರ್ಷ, ಪ್ರತಿದಿನ ಹೂವು ಕಟ್ಟುವ ಹೊತ್ತಿನಲ್ಲಿ ರಾಮಶಬ್ದದಿಂದ ತೊಡಗಿ ಶಬ್ದರೂಪಗಳನ್ನು ಗಟ್ಟಿಯಾಗಿ ಹೇಳಿಕೊಂಡು ನಾಲಿಗೆಯನ್ನು ತಿದ್ದಿಕೊಂಡ. ಈಗ ಅವನ ಉಚ್ಚಾರಣೆ ಶುದ್ಧವಾಗಿದೆ, ಆದರೆ ಅವಸರದಲ್ಲಿ ಮಾತನಾಡಿದರೆ ಹಳೆಯ ಅಕಾರ ಇಂದಿಗೂ ಇಣುಕುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಹಾಗೇನಾದರೂ ಆದರೆ ಅದನ್ನು ಅಜ್ಞಾನವೆಂದು ಭಾವಿಸಬಾರದೆಂದು ವಿನಂತಿಸುತ್ತೇನೆ.

ಪ್ರಥಮಾ, ಕಾವ್ಯ, ಸಾಹಿತ್ಯ ಮೂರೂ ಪರೀಕ್ಷೆಗಳನ್ನು ಅವನು ನಮ್ಮಲ್ಲಿ ಓದಿ ತೇರ್ಗಡೆಯಾಗಿದ್ದಾನೆ. ಪಿಯುಸಿಯಲ್ಲಿ ಕಲಾ ವಿಭಾಗದಲ್ಲಿ ಸಂಸ್ಕೃತವನ್ನೇ ಭಾಷೆಯಾಗಿ ತೆಗೆದುಕೊಂಡಿದ್ದ. ಅಂಕಪಟ್ಟಿಗಳನ್ನು ಅರ್ಜಿಯೊಂದಿಗೆ ಲಗತ್ತಿಸಿದ್ದಾನೆ. ಸಾಹಿತ್ಯ ಪರೀಕ್ಷೆಯ ಒಂದು ಪತ್ರಿಕೆಯಲ್ಲಿ ಅಂಕಗಳು ಕಡಿಮೆ ಇರುವುದು ತಮ್ಮ ಗಮನಕ್ಕೆ ಬಂದೇ ಬರುತ್ತದೆ. ಆ ವರ್ಷ ಅವನ ತಂದೆಗೆ ಶಸ್ತ್ರಚಿಕಿತ್ಸೆಯಾಗಿ, ಐದಾರು ತಿಂಗಳು ಹೂವಿನ ಕೆಲಸವನ್ನು ಅವನೇ ನೋಡಿಕೊಂಡ. ರಾತ್ರಿ ಹನ್ನೊಂದಕ್ಕೆ ಮಾರುಕಟ್ಟೆಯಿಂದ ಹೂವು ತಂದು, ಬೆಳಗಿನ ನಾಲ್ಕಕ್ಕೆ ಎದ್ದು ಕಟ್ಟುತ್ತಿದ್ದವನಿಗೆ ಅಲಂಕಾರದ ಲಕ್ಷಣಶ್ಲೋಕಗಳನ್ನು ಕಂಠಪಾಠ ಮಾಡುವ ಬಿಡುವು ಸಿಗಲಿಲ್ಲ. ಇದನ್ನು ಅವನು ಯಾರ ಬಳಿಯೂ ಹೇಳಿಕೊಳ್ಳುವವನಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಅವನನ್ನು ವ್ಯಾಕರಣಕ್ಕೇ ಕಳುಹಿಸಬೇಕೆಂದು ನನಗೆ ಅನ್ನಿಸಿದ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಾಗಬೇಕು. ಲಘುಸಿದ್ಧಾಂತಕೌಮುದಿಯ ಅಚ್‌ಸಂಧಿ ಪ್ರಕರಣವನ್ನು ಆರಂಭಿಸಿ ಕೆಲವು ದಿನಗಳಾಗಿದ್ದವು. 'ಆದ್ಗುಣಃ', 'ಉರಣ್ ರಪರಃ' ಎಂಬೆರಡು ಸೂತ್ರಗಳ ಪಾಠವಾಗಿತ್ತು. ಯುಗಾದಿಯ ಬೆಳಿಗ್ಗೆ ನಾನು ಸಂಕಲ್ಪದಲ್ಲಿ ಎಂದಿನಂತೆ 'ವಸಂತ ಋತೌ ಚೈತ್ರಮಾಸೇ' ಎಂದು ಹೇಳಿದೆ. ಪೂಜೆಯೆಲ್ಲ ಮುಗಿದು, ಭಕ್ತರು ಹೋಗುವವರೆಗೆ ಕಾದಿದ್ದು, ಅವನು ಮೆಲ್ಲಗೆ ಬಂದು, ಪಾಠದ ಪ್ರಕಾರ ಅದು 'ವಸಂತರ್ತೌ' ಎಂದಾಗಬೇಕಲ್ಲವೇ ಎಂದು ಕೇಳಿದ. ನಲವತ್ತು ವರ್ಷಗಳಿಂದ ನಾನು ಹಾಗೆಯೇ ಹೇಳುತ್ತ ಬಂದಿದ್ದೇನೆ, ನನ್ನ ತಂದೆಯವರೂ ಹಾಗೆಯೇ ಹೇಳುತ್ತಿದ್ದರು. ಸಂಪ್ರದಾಯ ಹಾಗಿದೆ ಎಂದು ಹೇಳಿ ಕಳುಹಿಸಿದೆ. ಹೇಳುವಾಗ ಧ್ವನಿ ಸ್ವಲ್ಪ ಗಡುಸಾಗಿಯೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅವನು ವಾದಿಸಲಿಲ್ಲ.

ಮೂರು ನಾಲ್ಕು ವಾರಗಳ ನಂತರ ಪಾಠ ಪ್ರಕೃತಿಭಾವದವರೆಗೆ ಸಾಗುವ ಮುನ್ನವೇ ಅವನು ಪುಸ್ತಕ ಹಿಡಿದುಕೊಂಡು ಬಂದ. 'ಋತ್ಯಕಃ' ಎಂಬ ಸೂತ್ರದ ಮೇಲೆ ಬೆರಳಿಟ್ಟು, "ಸ್ವಾಮಿ, ನಿಮ್ಮದು ತಪ್ಪಲ್ಲ, ನಾನು ಅವಸರ ಮಾಡಿದೆ. ಬ್ರಹ್ಮಋಷಿ, ಬ್ರಹ್ಮರ್ಷಿ ಎರಡೂ ಆಗುತ್ತದಂತೆ" ಎಂದ. ನನಗೆ ಸಂತೋಷವಾಯಿತು, ಜೊತೆಗೆ ಬಿಡುಗಡೆಯೂ ಆದಂತಾಯಿತು. ಆದರೆ ಅವನು ಅಲ್ಲಿಗೂ ಬಿಡಲಿಲ್ಲ. ಉದಾಹರಣೆಯಲ್ಲಿರುವ 'ಬ್ರಹ್ಮಾ' ಬೇರೆ ಪದ, 'ವಸಂತಋತು' ಸಮಾಸ. ಸಮಾಸದ ಒಳಗೂ ಈ ವಿಕಲ್ಪ ಸಲ್ಲುತ್ತದೆಯೇ ಎಂಬುದು ಅವನ ಮುಂದಿನ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಿವೃತ್ತರಾದ ಒಬ್ಬ ಸಂಸ್ಕೃತ ಪಂಡಿತರ ಮನೆಗೆ ಅವನನ್ನು ಕರೆದುಕೊಂಡು ಹೋದೆ. ಅವರು ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯನ್ನು ತೆರೆದು, ಅದೇ ಸೂತ್ರದ ಕೆಳಗೆ ಸಮಾಸದಲ್ಲಿಯೂ ಪ್ರಕೃತಿಭಾವವುಂಟೆಂದು 'ಸಪ್ತಋಷೀಣಾಮ್, ಸಪ್ತರ್ಷೀಣಾಮ್' ಎಂಬ ಉದಾಹರಣೆ ಕೊಟ್ಟಿರುವುದನ್ನು ತೋರಿಸಿದರು. ದಾರಿಯಲ್ಲಿ ಹಿಂದಿರುಗುವಾಗ ಅವನು ಕೇಳಿದ್ದು ಒಂದೇ: ಆ ದೊಡ್ಡ ಪುಸ್ತಕವನ್ನು ಪೂರ್ತಿ ಓದಿಸುವವರು ಎಲ್ಲಿ ಸಿಗುತ್ತಾರೆ ಎಂದು. ಈ ಅರ್ಜಿ ಹುಟ್ಟಿದ್ದು ಅಂದೇ.

ತಪ್ಪು ಹುಡುಕುವ ಚುರುಕು ಅನೇಕ ಹುಡುಗರಲ್ಲಿರುತ್ತದೆ. ಅಂಥವರನ್ನು ನಾನು ಪಾಠದಲ್ಲಿ ಬೇಕಾದಷ್ಟು ಕಂಡಿದ್ದೇನೆ. ತಾನು ಎತ್ತಿದ ಆಕ್ಷೇಪಕ್ಕೆ ತಾನೇ ಸಮಾಧಾನ ಹುಡುಕಿ, ಅದು ತನ್ನ ವಿರುದ್ಧವಾಗಿದ್ದರೂ ತಂದು ಒಪ್ಪಿಸಿ, ಆ ಸಮಾಧಾನವೂ ಪೂರ್ತಿ ಹೊಂದುತ್ತದೆಯೇ ಎಂದು ಮತ್ತೆ ಪರೀಕ್ಷಿಸುವ ಸ್ವಭಾವವನ್ನು ನಾನು ಇವನೊಬ್ಬನಲ್ಲೇ ಕಂಡದ್ದು. ಉತ್ಸರ್ಗ ಮತ್ತು ಅಪವಾದಗಳ ನಡುವೆ ನಡೆಯುವ ಶಾಸ್ತ್ರಕ್ಕೆ ಈ ಸ್ವಭಾವ ಒಗ್ಗುತ್ತದೆಂದು ನನ್ನ ನಂಬಿಕೆ, ನಿರ್ಣಯ ತಮ್ಮದು.

ಅವನ ಕೊರತೆಗಳನ್ನೂ ಮುಚ್ಚಿಡಬಾರದು. ಅವನ ಧಾರಣಶಕ್ತಿ ಸಾಧಾರಣ. ರಘುವಂಶದ ಎರಡನೆಯ ಸರ್ಗದ 75 ಶ್ಲೋಕಗಳನ್ನು ಅವನ ಜೊತೆಯವರು ಒಂದು ತಿಂಗಳಲ್ಲಿ ಬಾಯಿಪಾಠ ಒಪ್ಪಿಸಿದರೆ ಅವನಿಗೆ ಎರಡೂವರೆ ತಿಂಗಳು ಬೇಕಾಯಿತು, ಆದರೆ ಇಂದಿಗೂ ಮರೆತಿಲ್ಲ. ನಮ್ಮಲ್ಲಿ ಕನ್ನಡ ಲಿಪಿಯ ಪುಸ್ತಕಗಳಲ್ಲೇ ಪಾಠ ನಡೆದುದರಿಂದ ದೇವನಾಗರಿಯನ್ನು ನಿಧಾನವಾಗಿ ಓದುತ್ತಾನೆ, ಇನ್ನೂ ನಿಧಾನವಾಗಿ ಬರೆಯುತ್ತಾನೆ. ಸಂಸ್ಕೃತದಲ್ಲಿ ಸಂಭಾಷಣೆ ಮಾಡುವ ಅಭ್ಯಾಸ ಕಡಿಮೆ. ಕೇಳದೆ ಮಾತನಾಡುವವನಲ್ಲ, ಕೇಳಿದರೂ ಖಚಿತವಿಲ್ಲದ್ದನ್ನು ಹೇಳುವುದಿಲ್ಲ. ಸಂದರ್ಶನದಲ್ಲಿ ಅವನು ಸುಮ್ಮನೆ ನಿಂತರೆ ಒಂದು ನಿಮಿಷ ಅವಕಾಶ ಕೊಟ್ಟು ನೋಡಬೇಕೆಂದು ಪ್ರಾರ್ಥನೆ.

ಅರ್ಚಕನೊಬ್ಬನ ಪತ್ರ ತಂದಿದ್ದಾನೆಂಬ ಕಾರಣಕ್ಕೆ ಅವನನ್ನು ಆಗಮ ವಿಭಾಗಕ್ಕೆ ಸೇರಿಸುವ ಸಲಹೆ ಬರಬಹುದು. ಸೀಟುಗಳ ಅನುಕೂಲ ಹಾಗಿದ್ದರೂ ಅದು ಬೇಡವೆಂದು ಕೋರುತ್ತೇನೆ. ಅವನು ಪೂಜೆಯ ಕೆಲಸಕ್ಕಾಗಿ ಓದಲು ಹೊರಟವನಲ್ಲ, ಅವನ ಮನೆತನದಲ್ಲಿ ಆ ವೃತ್ತಿಯೂ ಇಲ್ಲ. ದೇವಸ್ಥಾನದಲ್ಲಿ ಅವನ ನಡತೆಯ ಬಗ್ಗೆ ಹೇಳುವುದಾದರೆ, ಈ ಒಂಬತ್ತು ವರ್ಷಗಳಲ್ಲಿ ಅವನ ಮೇಲೆ ಒಂದು ದೂರೂ ಬಂದಿಲ್ಲ. ಉತ್ಸವದ ದಿನಗಳಲ್ಲಿ ಹುಂಡಿ ಎಣಿಕೆಯ ಮೇಜಿಗೆ ಸಮಿತಿಯವರು ಅವನನ್ನೇ ಕರೆಯುತ್ತಾರೆ. ಕಳೆದ ಎರಡು ವರ್ಷಗಳಿಂದ ಪ್ರಥಮಾ ತರಗತಿಯ ಮಕ್ಕಳಿಗೆ ಶಬ್ದರೂಪ, ಧಾತುರೂಪಗಳನ್ನು ಹೇಳಿಕೊಡುತ್ತಿರುವವನು ಅವನೇ. ಅವನು ಹೊರಟರೆ ಆ ಪಾಠ ಮತ್ತೆ ನನ್ನ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಈ ಶಿಫಾರಸಿನಲ್ಲಿ ನನ್ನ ಸ್ವಂತ ಲಾಭವೇನೂ ಇಲ್ಲವೆಂದು ತಾವು ನಂಬಬಹುದು.

ಕಡೆಯದಾಗಿ ಒಂದು ವ್ಯಾವಹಾರಿಕ ವಿಷಯ. ಮೈಸೂರಿನಲ್ಲಿ ಮನೆ ಮಾಡಿಕೊಂಡು ಓದುವ ಶಕ್ತಿ ಅವನ ಕುಟುಂಬಕ್ಕಿಲ್ಲ. ವಿದ್ಯಾರ್ಥಿನಿಲಯದಲ್ಲಿ ಸ್ಥಳವೂ, ಅರ್ಹ ವಿದ್ಯಾರ್ಥಿಗಳಿಗೆ ಸಲ್ಲುವ ವಿದ್ಯಾರ್ಥಿವೇತನವಿದ್ದರೆ ಅದೂ ದೊರೆತರೆ ಮಾತ್ರ ಅವನ ಓದು ಸಾಗೀತು. ಪುಸ್ತಕಗಳ ಖರ್ಚನ್ನು ನಮ್ಮ ದೇವಸ್ಥಾನದ ಭಕ್ತರು ವಹಿಸಿಕೊಳ್ಳಲು ಒಪ್ಪಿದ್ದಾರೆ. ಹೂವಿನ ಕೆಲಸಕ್ಕೆ ಅವನ ತಂಗಿ ಮತ್ತು ಚಿಕ್ಕಪ್ಪ ನಿಲ್ಲುವುದೆಂದು ಮನೆಯಲ್ಲಿ ಮಾತಾಗಿದೆ. ಅವನ ತಂದೆ ಮೊದಲು ಹಿಂಜರಿದರು. ಈ ಓದಿನಿಂದ ಕೆಲಸ ಸಿಗುತ್ತದೆಯೇ ಎಂದು ನನ್ನನ್ನು ಕೇಳಿದರು, ಸಿಕ್ಕೇ ಸಿಗುತ್ತದೆಂದು ನಾನು ಭರವಸೆ ಕೊಡಲಿಲ್ಲ. ಸಂಸ್ಕೃತ ಅಧ್ಯಾಪಕರಾದವರು ಇದ್ದಾರೆ, ಆಗದವರೂ ಇದ್ದಾರೆ ಎಂದೆ. ಎರಡು ದಿನ ಯೋಚಿಸಿ, ಅರ್ಜಿಗೆ ಸಹಿ ಹಾಕಲು ಅವರೇ ಬಂದರು.

ನಾಗೇಂದ್ರನು ಸಂದರ್ಶನದ ದಿನ ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗುತ್ತಾನೆ. ಈ ಪತ್ರದಲ್ಲಿ ಏನು ಬರೆದಿದೆ ಎಂಬುದು ಅವನಿಗೆ ಗೊತ್ತಿಲ್ಲ. ಮೊಹರು ಮಾಡಿ ಅವನ ಕೈಯಲ್ಲೇ ಕಳುಹಿಸುತ್ತಿದ್ದೇನೆ.

ಇತಿ ತಮ್ಮ ವಿಧೇಯ,
ಶ್ರೀನಿವಾಸ ಭಟ್ಟ
ಪ್ರಧಾನ ಅರ್ಚಕ