ತೂಕ ಮೊದಲು, ಕತ್ತಿ ಆಮೇಲೆ

2024ರ ಜೂನ್ ಮೊದಲ ವಾರ, ಮಂಗಳೂರಿನ ಕೊಟ್ಟಾರದ ನನ್ನ ಮೀನಿನ ಅಂಗಡಿಗೆ ಬೀಗ ಹಾಕಿದ ಮೂರನೆಯ ದಿನ, ಇಲ್ಲಿಯೇ ಒಂದು ಬರಹ ಹಾಕಿದ್ದೆ. ನಿಮ್ಮಲ್ಲಿ ಹಲವರು ಓದಿದ್ದೀರಿ, ಸಮಾಧಾನ ಹೇಳಿದ್ದೀರಿ. ಆ ಬರಹವನ್ನು ಇಂದು ತೆಗೆದುಹಾಕಿ, ಅದರ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಕಾರಣ ಒಬ್ಬ ಹುಡುಗ. ಮಲ್ಪೆಯವನು. ಹೋದ ತಿಂಗಳು ಅವನಿಂದ ಒಂದು ಸಂದೇಶ ಬಂತು: "ಅಣ್ಣ, ಮೀನು ಸ್ವಚ್ಛ ಮಾಡಿ ಮನೆಗೆ ತಲುಪಿಸುವ ಕೆಲಸ ನಾನೂ ಶುರು ಮಾಡಬೇಕೆಂದಿದ್ದೇನೆ. ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಿಮ್ಮದು ಎಲ್ಲಿ ತಪ್ಪಿತು ಎಂದು ಗೊತ್ತಾಗಲಿಲ್ಲ." ನಾನೂ ತೆಗೆದು ಓದಿದೆ. ನಿಜ, ಗೊತ್ತಾಗುವುದಿಲ್ಲ. ನಿದ್ದೆಗೆಟ್ಟ ರಾತ್ರಿಗಳಿವೆ, ಬೆನ್ನು ತಿರುಗಿಸಿದ ಗೆಳೆಯರಿದ್ದಾರೆ, "ನಮ್ಮ ಊರಿನವರಿಗೆ ಗುಣಮಟ್ಟ ಬೇಡ, ಅಗ್ಗ ಬೇಕು" ಎಂಬ ಒಂದು ವಾಕ್ಯವೂ ಇದೆ. ಒಂದೇ ಒಂದು ಅಂಕಿ ಇಲ್ಲ. ನಾನು ಬಿ.ಕಾಂ. ಓದಿದವನು ಎಂಬುದನ್ನೂ ಅದರಲ್ಲಿ ಜಾಣತನದಿಂದ ಬಿಟ್ಟಿದ್ದೆ.

ಆದ್ದರಿಂದ ಈ ಸಲ ಅಂಕಿಗಳಿಂದಲೇ ಶುರು ಮಾಡುತ್ತೇನೆ.

2022ರ ಅಕ್ಟೋಬರ್‌ನಲ್ಲಿ ಆರಂಭಿಸಿ 2024ರ ಮೇ ಕೊನೆಗೆ ನಿಲ್ಲಿಸಿದೆ. ಇಪ್ಪತ್ತು ತಿಂಗಳು. ನಷ್ಟ ಹನ್ನೆರಡು ಲಕ್ಷದ ಹತ್ತಿರ. ಅದರಲ್ಲಿ ಐದು ಲಕ್ಷ ನನ್ನ ಉಳಿತಾಯ, ಮೂರು ಲಕ್ಷ ಮಾವ ಕೊಟ್ಟದ್ದು, ಎರಡೂವರೆ ಲಕ್ಷ ಅಮ್ಮನ ಬಳೆಗಳನ್ನು ಅಡವಿಟ್ಟು ತಂದದ್ದು. ಉಳಿದದ್ದು ದಕ್ಕೆಯ, ಅಂದರೆ ಮೀನುಗಾರಿಕಾ ಬಂದರಿನ, ಸಗಟು ವ್ಯಾಪಾರಿಗೆ ಬಾಕಿ ಇತ್ತು. ಅದನ್ನು ಮೊದಲು ತೀರಿಸಿದೆ. ಬಳೆಗಳು ಮನೆಗೆ ಬಂದಿವೆ. ಮಾವನಿಗೆ ಇನ್ನೂ ಕೊಡುವುದಿದೆ.

ಕೆಲಸ ಹೀಗಿತ್ತು: ಬೆಳಗಿನ ಜಾವ ದಕ್ಕೆಗೆ ಹೋಗಿ ಏಲಂನಲ್ಲಿ ಮೀನು ಹಿಡಿಯುವುದು, ಕೊಟ್ಟಾರಕ್ಕೆ ತಂದು ಸ್ವಚ್ಛ ಮಾಡಿಸುವುದು, ಹನ್ನೊಂದು ಗಂಟೆಯೊಳಗೆ ಕದ್ರಿ, ಬಿಜೈ, ದೇರೆಬೈಲ್ ಕಡೆಯ ಫ್ಲ್ಯಾಟುಗಳಿಗೆ ತಲುಪಿಸುವುದು. ಸ್ವಚ್ಛ ಮಾಡುವವರು ಇಬ್ಬರು, ತಲುಪಿಸುವವರು ಇಬ್ಬರು. ನಾಲ್ವರ ಸಂಬಳ 66,000 ರೂಪಾಯಿ. ಬಾಡಿಗೆ, ಕರೆಂಟು, ಪೆಟ್ರೋಲು, ವ್ಯಾನಿನ ಕಂತು ಸೇರಿ ಇನ್ನೊಂದು 42,000. ತಿಂಗಳಿಗೆ ಒಂದು ಲಕ್ಷದ ಎಂಟು ಸಾವಿರ, ಮೀನು ಮಾರಾಟವಾಗಲಿ, ಬಿಡಲಿ.

ಈಗ ಬಂಗುಡೆಗೆ ಬರೋಣ. ದಕ್ಕೆಯಲ್ಲಿ ಕಿಲೋಗೆ 160 ಬಿದ್ದ ದಿನ ನಾನು "ಸ್ವಚ್ಛ ಮಾಡಿದ ಬಂಗುಡೆ, ಕಿಲೋಗೆ 260" ಎಂದು ಹಾಕುತ್ತಿದ್ದೆ. ನೂರು ರೂಪಾಯಿ ಉಳಿಯುತ್ತದೆ ಎಂದು ಸಂತೋಷಪಡುತ್ತಿದ್ದೆ. ಆದರೆ ತಲೆ, ಹೊಟ್ಟೆ, ರೆಕ್ಕೆ ಹೋದ ಮೇಲೆ ಒಂದು ಕಿಲೋ ಬಂಗುಡೆ ನನ್ನ ತಕ್ಕಡಿಯಲ್ಲಿ 650 ಗ್ರಾಂ ಆಸುಪಾಸು ತೂಗುತ್ತಿತ್ತು. ಅಂದರೆ ಗಿರಾಕಿಗೆ ಕೊಟ್ಟ ಒಂದು ಕಿಲೋದ ಅಸಲು 160 ಅಲ್ಲ, 246. ಮಂಜುಗಡ್ಡೆ ಮತ್ತು ಪ್ಯಾಕಿಂಗಿಗೆ 12. ಉಳಿದದ್ದು ಎರಡು ರೂಪಾಯಿ. ಆ ಎರಡು ರೂಪಾಯಿಯಲ್ಲಿ ನಾಲ್ವರ ಸಂಬಳ ಹುಟ್ಟಬೇಕಿತ್ತು. ಸಿಪ್ಪೆ ಬಿಡಿಸಿದ ಸಿಗಡಿಯ ಲೆಕ್ಕ ಇನ್ನೂ ಕೆಟ್ಟದು, ಅಲ್ಲಿ ತೂಕ ಅರ್ಧಕ್ಕೆ ಇಳಿಯುತ್ತದೆ. ಅಂಜಲ್‌ನಲ್ಲಿ ಮಾತ್ರ ಕೈಗೆ ಒಂದಿಷ್ಟು ಸಿಗುತ್ತಿತ್ತು. ಅದರ ಆಸರೆಯಿಂದಲೇ ಎಲ್ಲ ಸೇರಿ ಒಂದು ಆರ್ಡರಿಗೆ ಸರಾಸರಿ 45 ರೂಪಾಯಿ ಉಳಿಯುತ್ತಿತ್ತು. ಪ್ರತಿ ಸಂಜೆ ಮಾರಾಟದ ಮೊತ್ತವನ್ನು ಮಾತ್ರ ನೋಡಿ ಪುಸ್ತಕ ಮುಚ್ಚುತ್ತಿದ್ದ ನನಗೆ ಇದು ಹದಿನೈದು ತಿಂಗಳು ಕಾಣಿಸಲಿಲ್ಲ.

ತೋರಿಸಿಕೊಟ್ಟವರು ದಕ್ಕೆಯಲ್ಲಿ ಬುಟ್ಟಿ ಇಟ್ಟು ಕೂರುವ ಒಬ್ಬ ಅಕ್ಕ. ನಲವತ್ತು ವರ್ಷಗಳಿಂದ ಮೀನು ಮಾರುತ್ತಿರುವವರು. ನಾನು ಪ್ರತಿದಿನ ಅವರ ಮುಂದೆಯೇ ಹಾದುಹೋಗುತ್ತಿದ್ದೆ, ಮಾತು ಕಡಿಮೆ. 2024ರ ಜನವರಿಯಲ್ಲಿ ಒಂದು ದಿನ ವ್ಯಾನು ಕೆಟ್ಟು, ಅವರ ಪಕ್ಕದಲ್ಲಿ ಒಂದು ಗಂಟೆ ನಿಲ್ಲಬೇಕಾಯಿತು. ವ್ಯಾಪಾರ ಹೇಗಿದೆ ಎಂದು ಕೇಳಿದರು. ಗಿರಾಕಿಗಳು ಬಹಳ, ಹಣ ಮಾತ್ರ ನಿಲ್ಲುವುದಿಲ್ಲ ಎಂದೆ. ಅವರು ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ನಿಮ್ಮಲ್ಲಿ ತೂಕ ಮೊದಲೋ, ಕತ್ತಿ ಮೊದಲೋ?"

ಕತ್ತಿ ಮೊದಲು ಎಂದೆ. ಅವರು ನಗಲಿಲ್ಲ. ಮುಂದೆ ನಿಂತಿದ್ದ ಗಿರಾಕಿಗೆ ಬಂಗುಡೆ ತೂಗಿ, ಹಣ ಎಣಿಸಿಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಂಡು, ಆಮೇಲೆ ಕತ್ತಿಯ ಮುಂದೆ ಕುಳಿತರು. ಚಿಕ್ಕಂದಿನಿಂದ ಅಮ್ಮನ ಜೊತೆ ಮಾರುಕಟ್ಟೆಯಲ್ಲಿ ನಿಂತು ನೂರಾರು ಸಲ ನೋಡಿದ ದೃಶ್ಯ ಅದು. ಇಡೀ ಕರಾವಳಿ ಮೀನು ಮಾರುವುದು ಹಾಗೆಯೇ. ಅದನ್ನು ಹಳೆಯ ಪದ್ಧತಿ ಎಂದುಕೊಂಡು, ಸುಧಾರಿಸಲು ಹೊರಟವನು ನಾನು.

ಎರಡನೆಯ ತಪ್ಪು ಕ್ಯಾಲೆಂಡರಿನದು. ವರ್ಷದ ಖರ್ಚು 12,96,000. ಅದನ್ನು ನಾನು 365ರಿಂದ ಭಾಗಿಸಿ, ದಿನಕ್ಕೆ 3,550 ರೂಪಾಯಿ ಉಳಿದರೆ ಸಾಕು ಎಂದು ಗೋಡೆಯ ಮೇಲೆ ಬರೆದಿಟ್ಟಿದ್ದೆ. ಮಂಗಳೂರಿನಲ್ಲಿ ಹುಟ್ಟಿದವನು ಹೀಗೆ ಭಾಗಿಸಬಾರದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗೆ ತಡೆಯಿಲ್ಲವಾದರೂ ಆ ಮಳೆಗೆ ಕಡಲು ಬಿಡಬೇಕಲ್ಲ. ಬಂದ ಅಷ್ಟಿಷ್ಟು ಮೀನಿಗೆ ನಾನು ಮುಟ್ಟಲಾಗದ ಬೆಲೆ. ಉಳಿದ ಹತ್ತು ತಿಂಗಳಲ್ಲಿ ಸೋಮವಾರ ಮೀನು ತಿನ್ನದ ಮನೆಗಳಿವೆ, ಶನಿವಾರ ತಿನ್ನದ ಮನೆಗಳಿವೆ. ಸಂಕ್ರಮಣ, ಶ್ರಾವಣ, ನವರಾತ್ರಿ. ನವೆಂಬರ್ ಬಂತೆಂದರೆ ಶಬರಿಮಲೆಗೆ ಮಾಲೆ ಹಾಕಿದವರ ಮನೆಯಲ್ಲಿ ಅಡುಗೆಯೇ ಬೇರೆ. ಆರ್ಡರ್ ಪುಸ್ತಕವನ್ನು ಈಗ ಎಣಿಸಿದರೆ, ವ್ಯಾಪಾರ ಎನ್ನಬಹುದಾದ ದಿನಗಳು ತಿಂಗಳಿಗೆ ಇಪ್ಪತ್ತು. ವರ್ಷಕ್ಕೆ ಇನ್ನೂರು. ಭಾಗಾಕಾರ ಮಾಡಿದರೆ ದಿನಕ್ಕೆ 6,480 ರೂಪಾಯಿ ಬೇಕಿತ್ತು. ದಿನಕ್ಕೆ ಅರವತ್ತು ಆರ್ಡರಿನಂತೆ ನನಗೆ ಸಿಗುತ್ತಿದ್ದದ್ದು 2,700.

ನಾನು ಗೋಡೆಯ ಮೇಲೆ ಬರೆದ ಗುರಿಯೇ ತಪ್ಪು, ಆ ತಪ್ಪು ಗುರಿಯನ್ನೂ ಮುಟ್ಟಿರಲಿಲ್ಲ.

2023ರ ಮಳೆಗಾಲದಲ್ಲಿ ಎರಡು ತಿಂಗಳು ಕೆಲಸವಿಲ್ಲದಿದ್ದರೂ ನಾಲ್ವರಿಗೂ ಸಂಬಳ ಕೊಟ್ಟೆ. ಹಳೆಯ ಬರಹದಲ್ಲಿ ಇದನ್ನು ದೊಡ್ಡ ತ್ಯಾಗವೆಂಬಂತೆ ಬರೆದಿದ್ದೆ. ಅವರು ಬದುಕಬೇಡವೇ? ಕೊಡಬೇಕಾದದ್ದೇ. ತಪ್ಪಿದ್ದು ಬೇರೆ ಕಡೆ: ಮೀನುಗಾರಿಕೆ ನಿಷೇಧ ಪ್ರತಿ ವರ್ಷ ಹೇಳಿಕೇಳಿಯೇ ಬರುತ್ತದೆ. ಅಕ್ಟೋಬರ್‌ನಿಂದಲೇ ತಿಂಗಳು ತಿಂಗಳು ಒಂದಿಷ್ಟು ಎತ್ತಿಡದೆ, ಮೇ ತಿಂಗಳ ಕೊನೆಯಲ್ಲಿ ಮಾವನ ಮನೆಯ ಮೆಟ್ಟಿಲು ಹತ್ತಿದೆ. ದೋಣಿಯ ಮಾಲೀಕರಿಂದ ಬಲೆ ನೇಯುವವರವರೆಗೆ ಎಲ್ಲರೂ ಆ ಎರಡು ತಿಂಗಳಿಗೆ ಸಿದ್ಧರಾಗುತ್ತಾರೆ. ನಾನೊಬ್ಬ ಅದನ್ನು ಅನಿರೀಕ್ಷಿತ ಆಘಾತ ಎಂದು ಬರೆದೆ.

ಇನ್ನು ಅಕ್ಕನ ಪ್ರಶ್ನೆ ಕೇಳಿದ ಮೇಲೆ ಏನು ಮಾಡಿದೆ? ಫೆಬ್ರವರಿಯಿಂದ ಇಡೀ ಮೀನಿನ ತೂಕಕ್ಕೇ ಹಣ ಪಡೆಯಲು ಶುರು ಮಾಡಿದೆ. ಒಂದು ಆರ್ಡರಿನ ಉಳಿಕೆ 45ರಿಂದ 90ಕ್ಕೆ ಏರಿತು. ಆರ್ಡರುಗಳು ಅರವತ್ತರಿಂದ ಮೂವತ್ತೈದಕ್ಕೆ ಇಳಿದವು. ಬಿಜೈಯ ಒಬ್ಬರು ಅಮ್ಮ ಫೋನ್ ಮಾಡಿ, "ಮೊನ್ನೆಯವರೆಗೆ ಒಂದು ಕಿಲೋ ಎಂದರೆ ಒಂದು ಕಿಲೋ ಬರುತ್ತಿತ್ತು, ಈಗ ಮುಕ್ಕಾಲೂ ಇಲ್ಲ, ನಿಮಗೂ ದುರಾಸೆ ಬಂತಲ್ಲ" ಎಂದರು. "ಅಗ್ಗ ಬೇಕು" ಎಂದು ನಾನು ಬೈದದ್ದು ಇವರನ್ನೇ. ಹದಿನಾರು ತಿಂಗಳು ನಷ್ಟದಲ್ಲಿ ಕೊಟ್ಟು ಆ ಬೆಲೆಯನ್ನು ಅಭ್ಯಾಸ ಮಾಡಿಸಿದವನು ನಾನು. ಅವರು ಲೆಕ್ಕ ಸರಿಯಾಗಿಯೇ ಕೇಳಿದರು. ಅವರಿಗೆ ಅಂದು ಸರಿಯಾಗಿ ಉತ್ತರಿಸಲಿಲ್ಲ. ಇದನ್ನು ಓದುತ್ತಿದ್ದರೆ ಕ್ಷಮಿಸಲಿ.

ಈ ಹೊತ್ತಿಗೆ ಅಂಗಡಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಾಗಿತ್ತು. ದಿನಕ್ಕೆ 3,150 ಬಂದರೂ ತಿಂಗಳಿಗೆ 45,000 ಕೈಬಿಡುತ್ತಿತ್ತು. ಆದರೂ ಮೇ ತನಕ ಎಳೆದೆ. ಹಳೆಯ ಬರಹದಲ್ಲಿ ಇದಕ್ಕೆ "ಕೊನೆಯ ಉಸಿರಿನವರೆಗೂ ಹೋರಾಡಿದೆ" ಎಂಬ ಹೆಸರಿತ್ತು. ನಿಜವಾದ ಕಾರಣ, ಏಪ್ರಿಲ್ ಕೊನೆಯಲ್ಲಿ ತಂಗಿಯ ಮದುವೆ ಇತ್ತು. ಮಂಟಪದಲ್ಲಿ ನೆಂಟರು "ಅಂಗಡಿ ಮುಚ್ಚಿತಂತೆ" ಎಂದು ಪಿಸುಗುಟ್ಟುವುದು ಬೇಡವಾಗಿತ್ತು. ಆ ನಾಲ್ಕು ತಿಂಗಳಿಗೆ ತೆತ್ತದ್ದು 1,80,000 ರೂಪಾಯಿ. ಮದುವೆಗೆ ನಾನು ಕೊಟ್ಟ ಉಡುಗೊರೆಗಿಂತ ಹೆಚ್ಚು. ಮಂಟಪದಲ್ಲಿ ಯಾರೂ ಅಂಗಡಿಯ ವಿಷಯ ಕೇಳಲಿಲ್ಲ. ಊಟದ ಬಗ್ಗೆ ಮಾತಾಡಿದರು.

ದೊಡ್ಡ ಕಂಪನಿಗಳು ಬಂದು ನುಂಗಿದವು ಎಂದೂ ಬರೆದಿದ್ದೆ. ನನ್ನ ಪುಸ್ತಕದಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಬೆಲೆ ಏರಿಸುವ ತನಕ ಆರ್ಡರುಗಳು ಇಳಿದೇ ಇರಲಿಲ್ಲ.

ಸರಿಯಾಗಿ ಮಾಡಿದ ಕೆಲಸಗಳೂ ಕೆಲವಿದ್ದವು. ಹಳಸಿದ ಮೀನನ್ನು ಒಂದು ದಿನವೂ ಕಳುಹಿಸಲಿಲ್ಲ. ಸಂಬಳ ಒಮ್ಮೆಯೂ ತಡವಾಗಲಿಲ್ಲ. ಸ್ವಚ್ಛ ಮಾಡುತ್ತಿದ್ದ ಇಬ್ಬರಿಗೂ ಮುಚ್ಚುವ ಮೊದಲೇ ಬೇರೆ ಕಡೆ ಕೆಲಸ ಸಿಕ್ಕಿತು. ನಾನೀಗ ಸುರತ್ಕಲ್‌ನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೊಳೆಗೆ ತಲೆ, ಹೊಟ್ಟೆ ಇಲ್ಲ, ತೂಗಿದಷ್ಟೇ ಮಾರಾಟ.

ಮಲ್ಪೆಯ ಹುಡುಗನಿಗೆ ಹೇಳುವುದು ಇಷ್ಟು. ಬೇಡ ಎನ್ನುವುದಿಲ್ಲ, ಆ ವ್ಯಾಪಾರಕ್ಕೆ ಗಿರಾಕಿಗಳಿದ್ದಾರೆ, ನಾನೇ ಕಂಡಿದ್ದೇನೆ. ಆದರೆ ವ್ಯಾನು, ಫ್ರೀಜರು, ಬೋರ್ಡು ಯಾವುದೂ ಈಗ ಬೇಡ. ಒಂದು ಥರ್ಮಾಕೋಲ್ ಪೆಟ್ಟಿಗೆ, ಒಂದು ತಕ್ಕಡಿ, ನಿನ್ನ ಸ್ಕೂಟರು. ಇಪ್ಪತ್ತು ಮನೆಗಳಿಗೆ ಎಂಟು ಭಾನುವಾರ ಕೊಟ್ಟು ನೋಡು. ಪ್ರತಿ ಮೀನನ್ನು ಎರಡು ಸಲ ತೂಗು, ಕತ್ತಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಎರಡನ್ನೂ ಬರೆದಿಡು. ನಂತರ ಭಾನುವಾರ ಬಿಟ್ಟು ಒಂದು ಗುರುವಾರ ಹೋಗಿ ನೋಡು. ಭಾನುವಾರದ ಗಿರಾಕಿಗಳನ್ನು ನಂಬಿ ನಾಲ್ವರನ್ನು ಕೆಲಸಕ್ಕೆ ಸೇರಿಸಿಕೊಂಡವನು ನಾನು. ಮತ್ತೆ, ಎಷ್ಟು ಹಣ ಹೋದರೆ ನಿಲ್ಲಿಸುತ್ತೇನೆ ಎಂಬ ಮೊತ್ತವನ್ನು ಶುರು ಮಾಡುವ ಮೊದಲೇ ಮನೆಯಲ್ಲಿ ಒಬ್ಬರಿಗೆ ಹೇಳಿಡು. ಮತ್ತೆ ಹಣ ಕೇಳಲು ನಿನಗೆ ನಾಚಿಕೆಯಾಗುವಂಥವರಿಗೆ.

ನನ್ನ ಲೆಕ್ಕದ ಪುಸ್ತಕಗಳು ಎರಡು, ನಿನಗೆ ಕೊಡುತ್ತೇನೆ. ಅಕ್ಷರ ಅಷ್ಟೇನೂ ಚೆನ್ನಾಗಿಲ್ಲ. 2023ರ ಜೂನ್, ಜುಲೈ ಪುಟಗಳು ಮಳೆನೀರಿಗೆ ಅಂಟಿಕೊಂಡಿವೆ. ಬಿಡಿಸಲು ಹೋಗಬೇಡ, ನಾಲ್ವರ ಸಂಬಳ ಬಿಟ್ಟರೆ ಅಲ್ಲಿ ಏನೂ ಬರೆದಿಲ್ಲ.