ಸ್ಲೈಡ್ 7: ಕಾರ್ನೋ ಚಕ್ರ

ಹಿಂದಿನ ಬೆಂಚಿನವರು ಕಿಟಕಿ ಪರದೆ ಎಳೆದುಬಿಡಿ, ಬಿಸಿಲು ಸ್ಕ್ರೀನ್ ಮೇಲೇ ಬೀಳುತ್ತಿದೆ. ಹಾಂ, ಈಗ ಕಾಣುತ್ತದೆ.

ಅಡ್ಡಕ್ಕೆ ಗಾತ್ರ V, ಮೇಲಕ್ಕೆ ಒತ್ತಡ P. ನಡುವೆ ಸೊಟ್ಟ ಎಲೆಯ ಹಾಗೆ ಇರುವುದೇ ಚಕ್ರ, ಶಾಖದಿಂದ ಕೆಲಸ ತೆಗೆಯುವ ಎಂಜಿನ್ನಿನ ಒಂದು ಸುತ್ತು. ಸಾದಿ ಕಾರ್ನೋ ಇದನ್ನು ಹೇಳಿದ್ದು 1824ರಲ್ಲಿ. ಚಿತ್ರ ಮಾತ್ರ ಅವನದಲ್ಲ, ಹತ್ತು ವರ್ಷದ ನಂತರ ಕ್ಲಾಪೆರಾನ್ ಬರೆದದ್ದು.

ಎಡ ಮೇಲ್ತುದಿಯ 1ರಿಂದ ಹೊರಡೋಣ. 1ರಿಂದ 2: ಸಿಲಿಂಡರ್ ಬಿಸಿ ಕಡೆಗೆ ತಾಗಿದೆ. ಅನಿಲ ಹಿಗ್ಗುತ್ತದೆ, ತಾಪ Th ಬಿಟ್ಟು ಕದಲುವುದಿಲ್ಲ. ಬಂದ ಶಾಖವೆಲ್ಲ ಪಿಸ್ಟನ್ ತಳ್ಳುವುದಕ್ಕೇ ಖರ್ಚು. 2ರಿಂದ 3: ಶಾಖದ ದಾರಿ ಮುಚ್ಚಿದೆವು. ಆದರೂ ಹಿಗ್ಗುತ್ತಿದೆ. ಕೈಯಲ್ಲಿದ್ದ ಗಂಟು ಕರಗಿಸಿ ಕೆಲಸ ಮಾಡುತ್ತಿದೆ, ಹಾಗಾಗಿ Tc ತನಕ ತಣ್ಣಗಾಗುತ್ತದೆ. ಗೆರೆ ಇಲ್ಲಿ ಕಡಿದಾಗಿ ಇಳಿದದ್ದು ಅದಕ್ಕೇ. 3ರಿಂದ 4: ತಣ್ಣನೆ ಕಡೆಗೆ ಶಾಖ ಬಿಡುತ್ತಾ ಕುಗ್ಗುತ್ತದೆ. 4ರಿಂದ 1: ದಾರಿ ಮುಚ್ಚಿ ಒತ್ತಿದರೆ ಬಿಸಿಯಾಗಿ ಮೊದಲಿನ ಜಾಗಕ್ಕೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ಲ, ಅದೇ.

ಎಲೆಯ ಒಳಗಿನ ಜಾಗವೇ ಒಂದು ಸುತ್ತಿಗೆ ಸಿಕ್ಕ ಕೆಲಸ. ಪ್ರತಿ ವರ್ಷ ಒಬ್ಬರಾದರೂ ಕೇಳುತ್ತೀರಿ: ಸರ್, ಎಲೆ ದೊಡ್ಡದು ಮಾಡಿದರೆ ದಕ್ಷತೆ ಜಾಸ್ತಿ ಆಗಲ್ವಾ?

ಆಗುವುದಿಲ್ಲ. ದಕ್ಷತೆ η ಅಂದರೆ ಉಂಡ ಶಾಖದಲ್ಲಿ ಕೆಲಸವಾದ ಪಾಲು. ಬೋರ್ಡ್ ನೋಡಿ: Qh ಉಂಡ ಶಾಖ, Qc ಬಿಟ್ಟ ಶಾಖ.

```
Qh = n R Th ln(V2/V1)
Qc = n R Tc ln(V3/V4)
```

ಶಾಖದ ದಾರಿ ಮುಚ್ಚಿದ ಎರಡು ಗೆರೆಗಳು, ಅಂದರೆ ಅಡಿಯಾಬ್ಯಾಟಿಕ್ ಗೆರೆಗಳು, ಎರಡೂ Th, Tc ನಡುವೆಯೇ ಓಡುತ್ತವೆ. ಆದ್ದರಿಂದ ಎರಡರಲ್ಲೂ ಗಾತ್ರ ಅಷ್ಟೇ ಪಟ್ಟು ಬದಲಾಗುತ್ತದೆ: V3/V2 = V4/V1. ತಿರುಗಿಸಿ ಬರೆದರೆ V2/V1 = V3/V4. ಈಗ ಭಾಗಿಸಿ. n, R, ln ಮೂರೂ ಹಾರಿಹೋಗಿ ಉಳಿಯುವುದು ತಾಪ ಮಾತ್ರ.

```
η = 1 − Qc/Qh = 1 − Tc/Th
```

ಎಲೆಯನ್ನು ಬಲಕ್ಕೆ ಎಳೆದು ಕೆಲಸ ದುಪ್ಪಟ್ಟು ಮಾಡಿದಿರಾ? ಉಂಡ ಶಾಖವೂ ದುಪ್ಪಟ್ಟಾಯಿತು. ಪ್ರಮಾಣ ಅಲ್ಲೇ ಇದೆ.

ಅನಿಲ ಬದಲಿಸಿದರೆ? ಬೇರೆ ಅನಿಲದ ಎಂಜಿನ್ ನಮ್ಮದಕ್ಕಿಂತ ಜಾಸ್ತಿ ದಕ್ಷ ಅಂತಿಟ್ಟುಕೊಳ್ಳಿ. ಅದರ ಕೆಲಸ ತಗೊಂಡು ನಮ್ಮ ಎಂಜಿನ್ನನ್ನು ಉಲ್ಟಾ ಓಡಿಸಿದರೆ, ಹೊರಗಿನ ಯಾವ ಕೆಲಸವೂ ಇಲ್ಲದೆ ಶಾಖ ತಣ್ಣನೆ ಕಡೆಯಿಂದ ಬಿಸಿ ಕಡೆಗೆ ಹೋದಂತಾಯಿತು. ತಂಗಳ ರೊಟ್ಟಿ ಬುಟ್ಟಿಯಲ್ಲಿ ತಾನೇ ಬಿಸಿಯಾಗುತ್ತದಾ?

Th 600 K ಇರಲಿ, Tc ಹೊರಗಿನ ಗಾಳಿಯದು. ಧಾರವಾಡದಲ್ಲಿ ಡಿಸೆಂಬರ್ ಬೆಳಗ್ಗೆ 17 °C, ಅಂದರೆ 290 K ಎಂದುಕೊಳ್ಳಿ: 51.7%. ಅದೇ ಎಂಜಿನ್ ಗದಗಿನ ಏಪ್ರಿಲ್ ಮಧ್ಯಾಹ್ನ 37 °C, 310 Kಯಲ್ಲಿ: 48.3%. ಸುಮ್ನೆ ಬಿಸಿಲಿಗೇ ಅಷ್ಟು ಹೋಯಿತು. ನಿಜವಾದ ಎಂಜಿನ್ ಇಷ್ಟೂ ಕೊಡುವುದಿಲ್ಲ. ಕಾರ್ನೋ ಎಂಜಿನ್ ಆಮೆಗಿಂತ ನಿಧಾನ ಓಡಬೇಕು, ಉಜ್ಜಾಟವೇ ಇರಬಾರದು.

ಕಳೆದ ಟೆಸ್ಟಿನಲ್ಲಿ 327 °C, 27 °C ಕೊಟ್ಟಿದ್ದೆ. ಹಾಗೇ ಭಾಗಿಸಿ 92% ತಂದವರು ಆರು ಜನ. ಕೆಲ್ವಿನ್ನಿಗೆ ತಂದರೆ 600, 300. ಉತ್ತರ 50%.

ನೋಟ್‌ಬುಕ್ ತೆಗೆಯಿರಿ. 227 °C, 27 °C. ಎರಡು ನಿಮಿಷ.