ಹಾಲಿನ ಲೆಕ್ಕ ಆ್ಯಪ್: ಕಚ್ಚಾ ವೈರ್‌ಫ್ರೇಮ್, ಎರಡನೇ ಕರಡು

ಬಣ್ಣ, ಫಾಂಟ್, ಐಕಾನ್ ಯಾವುದನ್ನೂ ಈಗ ನೋಡಬೇಡಿ. ಎಲ್ಲಿ ಒತ್ತಿದರೆ ಎಲ್ಲಿಗೆ ಹೋಗುತ್ತದೆ, ಅಷ್ಟೇ ನೋಡಿ. ಅಂಕಿಗಳೆಲ್ಲ ಸುಮ್ನೆ ಮಾದರಿಗೆ. [ ] ಅಂದರೆ ಒತ್ತುವ ಜಾಗ, → ಅಂದರೆ ಮುಂದಿನ ಸ್ಕ್ರೀನ್.

ಸ್ಕ್ರೀನ್ 1: ಲಾಗಿನ್

```
+--------------------
| ಮೊಬೈಲ್ ನಂಬರ್ ______
| ಒಟಿಪಿ ______
| [ಮುಂದೆ]  → 2
+--------------------
```

ಇದು ಒಂದೇ ಸಲ. ಆಮೇಲೆ ಆ್ಯಪ್ ತೆರೆದರೆ ನೇರ 2ಕ್ಕೆ. ಒಂದೇ ನಂಬರಿನಲ್ಲಿ ಗಂಡ, ಹೆಂಡತಿ ಇಬ್ಬರ ಸದಸ್ಯತ್ವವೂ ಇರಬಹುದು, ಆಗ ಮಾತ್ರ ನಡುವೆ ಹೆಸರು ಆರಿಸುವ ಪಟ್ಟಿ ಬರಲಿ.

ಸ್ಕ್ರೀನ್ 2: ಇವತ್ತು

```
+--------------------
| [ಹೆಸರು, ಸದಸ್ಯ ನಂ. 47 ▾]
|
| [ಬೆಳಿಗ್ಗೆ 6.4 ಲೀ  ₹224]  → 3
|  ಫ್ಯಾಟ್ 4.1  ಎಸ್‌ಎನ್‌ಎಫ್ 8.5
|
|  ಸಂಜೆ: ಇನ್ನೂ ಹಾಕಿಲ್ಲ
|--------------------
| [ಇವತ್ತು] [ಬಿಲ್ಲು → 4] [ಡೈರಿ → 5]
+--------------------
```

ಹಾಲು ಹಾಕಿ ಮನೆಗೆ ಬಂದವರಿಗೆ ಮೊದಲು ಬೇಕಾದದ್ದು ಫ್ಯಾಟ್ ಎಷ್ಟು ಬಂತು ಅನ್ನೋದು, ಯಾಕಂದ್ರೆ ದರ ನಿಂತಿರುವುದೇ ಅದರ ಮೇಲೆ. ಹಾಗಾಗಿ ಅದನ್ನು ಒಳಗೆ ಬಚ್ಚಿಡುವ ಹಾಗಿಲ್ಲ, ಏನೂ ಒತ್ತದೆ ಕಾಣಬೇಕು. ಸಂಜೆಯ ಸಾಲು ಖಾಲಿ ಇರುವಾಗ ಒತ್ತಿದರೆ ಏನೂ ಆಗಬಾರದು. ಮೂರು ಟ್ಯಾಬ್ ಸಾಕು, ನಾಲ್ಕನೆಯದನ್ನು ಯಾರೇ ಕೇಳಿದರೂ ನಾನು ಒಪ್ಪಲ್ಲ. ಒತ್ತುವ ಜಾಗ 48 ಡಿಪಿಗಿಂತ ಚಿಕ್ಕದಾಗಬಾರದು.

ಇಲ್ಲಿ ಬ್ಯಾಕ್ ಒತ್ತಿದರೆ ಆ್ಯಪ್‌ನಿಂದ ಹೊರಗೆ. ಲಾಗಿನ್‌ಗೆ ಯಾವತ್ತೂ ವಾಪಸ್ ಹೋಗಬಾರದು.

ಸ್ಕ್ರೀನ್ 3: ಚೀಟಿ

```
+--------------------
| [←]  ಬೆಳಿಗ್ಗೆಯ ಚೀಟಿ
| 6.4 ಲೀ × ₹35.00 = ₹224.00
| [ವಾಟ್ಸಾಪ್‌ಗೆ ಕಳಿಸಿ]
| [ಲೆಕ್ಕ ತಪ್ಪಿದೆ]  → 5
+--------------------
```

ಈ ಸ್ಕ್ರೀನಿಗೆ ಬರೋಕೆ ಮೂರು ದಾರಿ: ಸ್ಕ್ರೀನ್ 2, ಬಿಲ್ಲಿನ ದಿನವಾರು ಸಾಲು, ಮತ್ತೆ ಎಸ್‌ಎಂಎಸ್‌ನಲ್ಲಿರುವ ಲಿಂಕ್. ಮೊದಲ ಎರಡರಲ್ಲಿ ಬ್ಯಾಕ್ ಒತ್ತಿದರೆ ಬಂದ ಕಡೆಗೇ ಹೋಗಲಿ. ಎಸ್‌ಎಂಎಸ್‌ನಿಂದ ಬಂದವರಿಗೆ ಮಾತ್ರ ಬ್ಯಾಕ್ ಅಂದರೆ ಸ್ಕ್ರೀನ್ 2, ಇಲ್ಲದಿದ್ದರೆ ಆ್ಯಪ್ ಫಟ್ ಅಂತ ಮುಚ್ಚಿ ಮೆಸೇಜಿಗೆ ಹೋಗಿಬಿಡುತ್ತೆ. ‘ಲೆಕ್ಕ ತಪ್ಪಿದೆ’ ಒತ್ತಿದಾಗ ಚೀಟಿಯ ವಿವರವೂ ಜೊತೆಗೇ 5ಕ್ಕೆ ಹೋಗಬೇಕು, ರೈತರ ಕೈಲಿ ಮತ್ತೆ ಟೈಪ್ ಮಾಡಿಸಬೇಡಿ.

ಸ್ಕ್ರೀನ್ 4: ಬಿಲ್ಲು

```
+--------------------
| [‹]  1ರಿಂದ 15  [›]
| ಹಾಲು        ₹6,391
| ಪಶು ಆಹಾರ  − ₹1,250
| ಕೈಗೆ          ₹5,141
| [ದಿನವಾರು ▾]  ಸಾಲು ಒತ್ತಿದರೆ → 3
+--------------------
```

[‹] ಒತ್ತಿದರೆ ಹಿಂದಿನ ಬಟವಾಡೆ ಇದೇ ಸ್ಕ್ರೀನಿನಲ್ಲೇ ಬರುತ್ತೆ, ಹೊಸ ಸ್ಕ್ರೀನ್ ತೆರೆಯಬೇಡಿ. ಸರ್ಕಾರದ ಪ್ರೋತ್ಸಾಹಧನ ನೇರ ಬ್ಯಾಂಕ್ ಖಾತೆಗೆ ಬರುವುದರಿಂದ ಅದನ್ನು ಈ ಮೊತ್ತಕ್ಕೆ ಕೂಡಿಸಬೇಡಿ.

ಸ್ಕ್ರೀನ್ 5: ಡೈರಿ

```
+--------------------
| [ಕಾರ್ಯದರ್ಶಿಗೆ ಫೋನ್ ಮಾಡಿ]
| ಡೈರಿ ಸಮಯ, ದರಪಟ್ಟಿ
| [ಲಾಗೌಟ್]  → 1
+--------------------
```

3ರಿಂದ ಬಂದಿದ್ದರೆ ಚೀಟಿಯ ವಿವರ ಮೇಲೆ ಕಾಣಲಿ. ಲಾಗೌಟ್‌ಗೆ ಒಮ್ಮೆ ‘ಖಂಡಿತಾನಾ?’ ಅಂತ ಕೇಳಿ.

ನೆಟ್‌ವರ್ಕ್ ಇಲ್ಲದಾಗ 2, 3, 4 ಹಳೆಯ ಅಂಕಿಯನ್ನೇ ತೋರಿಸಲಿ, ಮೇಲೆ ‘ಬೆಳಿಗ್ಗೆ 7:10ರ ಲೆಕ್ಕ’ ಅಂತ ಸಣ್ಣ ಪಟ್ಟಿಯೊಂದಿಗೆ. ಬಾಕಿ ಇರೋದು ಒಂದೇ: ಸ್ಕ್ರೀನ್ 4ರಲ್ಲಿ ‘ಪಶು ಆಹಾರ’ ಒತ್ತಿದರೆ ಯಾವ ದಿನ ಎಷ್ಟು ಮೂಟೆ ಒಯ್ದರು ಅಂತ ತೋರಿಸಬೇಕಾ? ನನಗೆ ಬೇಕು ಅನಿಸುತ್ತೆ. ಆದರೆ ಆ ಲೆಕ್ಕ ಡೈರಿಯ ಪುಸ್ತಕದಲ್ಲಿದೆಯೋ ಕಂಪ್ಯೂಟರಿನಲ್ಲಿದೆಯೋ, ಕಾರ್ಯದರ್ಶಿಯವರನ್ನು ಕೇಳಿ ಹೇಳಿ.